ಗಣಿತ ಕ್ಲಬ್‌ಗೆ ಐದು ರೇಖಾಗಣಿತದ ಲೆಕ್ಕ, ಮೆಟ್ಟಿಲು ಮೆಟ್ಟಿಲಾಗಿ ಸುಳಿವು

ಪ್ರಶ್ನೆ: ಮದ್ದೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಶನಿವಾರ ಒಂಬತ್ತನೇ ಕ್ಲಾಸಿನ ಮಕ್ಕಳ ಗಣಿತ ಕ್ಲಬ್ ಇದೆ. ಒಲಿಂಪಿಯಾಡ್ ಥರದ ರೇಖಾಗಣಿತ ಕೊಟ್ಟರೆ ಒಬ್ಬಿಬ್ಬರು ಮಾಡುತ್ತಾರೆ, ಮಿಕ್ಕವರು ಪೆನ್ನು ಕೆಳಗಿಟ್ಟು ಕೂರುತ್ತಾರೆ. ಸುಳಿವು ಕೊಡೋಣ ಅಂದರೆ ಉತ್ತರವನ್ನೇ ಹೇಳಿದ ಹಾಗಾಗುತ್ತದೆ. ಸುಲಭದಿಂದ ಕಷ್ಟಕ್ಕೆ ಹೋಗುವ ಒಂದು ಸೆಟ್ಟು, ಸುಳಿವಿನ ಸಮೇತ, ಕೊಡುತ್ತೀರಾ ಸರ್?

ಉತ್ತರ: ಮೇಡಂ, ಇಪ್ಪತ್ತು ಬೇರೆ ಬೇರೆ ಲೆಕ್ಕ ಕೊಡುವ ಬದಲು ಐದೇ ಕೊಡುತ್ತೇನೆ. ಐದೂ ಒಂದೇ ಚಿತ್ರದ ಮೇಲೆ ನಿಂತಿವೆ. ಮೊದಲನೆಯದನ್ನು ಕ್ಲಾಸಿನ ಯಾವ ಮಗುವಾದರೂ ಮಾಡುತ್ತದೆ. ಐದನೆಯದು 2006ರಲ್ಲಿ ಸ್ಲೊವೇನಿಯಾದಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಮೊದಲನೇ ಪ್ರಶ್ನೆ. ಅದನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ, ಬಿಡಿಸಿದ ಮೇಲೆ ಹೇಳಿ. ಬೇಕಾಗುವುದು ಒಂಬತ್ತನೇ ತರಗತಿಯ ತ್ರಿಭುಜ ಮತ್ತು ವೃತ್ತದ ಪಾಠ ಅಷ್ಟೇ. ತ್ರಿಕೋನಮಿತಿ ಬೇಡ, ಸೂತ್ರ ಬೇಡ.

ಮೊದಲು ಚಿತ್ರದ ವಿಷಯ. ಮಕ್ಕಳು ಪೆನ್ನು ಕೆಳಗಿಡುವುದಕ್ಕೆ ಅರ್ಧ ಕಾರಣ ಕೆಟ್ಟ ಚಿತ್ರ. "ಒಂದು ತ್ರಿಭುಜ ಬರೆಯಿರಿ" ಅಂದರೆ ಸುಮ್ನೆ ಸಮದ್ವಿಬಾಹು ತ್ರಿಭುಜ ಬರೆದುಬಿಡುತ್ತಾರೆ, ಕೈ ತಾನಾಗೇ ಹಾಗೆ ಹೋಗುತ್ತದೆ. ಆಮೇಲೆ ಲಂಬವೂ ಕೋನಾರ್ಧಕವೂ ಒಂದೇ ಗೆರೆಯಾಗಿ ಕಾಣುತ್ತವೆ, ಎಲ್ಲವೂ ಎಲ್ಲಕ್ಕೂ ಸಮ ಅನ್ನಿಸುತ್ತದೆ, ಇನ್ನು ಸಾಧಿಸುವುದಕ್ಕೆ ಏನೂ ಉಳಿಯುವುದಿಲ್ಲ. ಆದ್ದರಿಂದ ಎಲ್ಲರಿಗೂ ಒಂದೇ ತ್ರಿಭುಜ ಕೊಡಿ: A = 70°, B = 80°, C = 30°.

ಬರೆಯುವ ಕ್ರಮ ಹೀಗೆ. ಕೈವಾರದಲ್ಲಿ 5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಲಿ, ಕೇಂದ್ರ O. ವೃತ್ತದ ಮೇಲೆ A ಗುರುತಿಸಲಿ. ಕೈವಾರದ ಅಳತೆ ಬದಲಿಸದೆ A ಇಂದ ಒಂದು ಹೆಜ್ಜೆ ಇಟ್ಟರೆ B ಸಿಗುತ್ತದೆ, ಯಾಕಂದರೆ C = 30° ಆದ್ದರಿಂದ ∠AOB = 60°. ಆಮೇಲೆ O ಮೇಲೆ ಕೋನಮಾಪಕ ಇಟ್ಟು, A ಇಲ್ಲದ ಕಡೆಗೆ ∠BOC = 140° ಅಳೆದರೆ C. ಮಿಕ್ಕ ∠COA ತಾನಾಗೇ 160° ಆಗುತ್ತದೆ, ಅದನ್ನು ಅಳೆದು ನೋಡಲಿ. ಎರಡು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಬರೆಯಲಿ.

ಇದೇ ತ್ರಿಭುಜ ಯಾಕೆ? 70-60-50 ತೆಗೆದುಕೊಂಡರೆ ಏನಾಗುತ್ತದೆ ನೋಡಿ. ಅದರಲ್ಲಿ A ಕೋನದ ಅರ್ಧಕವನ್ನು ವೃತ್ತದವರೆಗೂ ಎಳೆದು, ಅದು ವೃತ್ತವನ್ನು ಮುಟ್ಟುವ ಬಿಂದುವನ್ನು M ಅಂದರೆ, AM ಜ್ಯಾ 9.96 ಸೆಂ.ಮೀ. ಬರುತ್ತದೆ, ವ್ಯಾಸ 10. ಕಣ್ಣಿಗೆ ಅದು ವ್ಯಾಸವೇ. ಮಗು ತಕ್ಷಣ ಅರ್ಧವೃತ್ತದ ಕೋನ 90° ಅಂತ ಬರೆದು ಮುಂದೆ ಹೋಗುತ್ತದೆ, ಅಲ್ಲಿಂದ ಮುಂದಿನದೆಲ್ಲ ತಪ್ಪು. ನಮ್ಮ ತ್ರಿಭುಜದಲ್ಲಿ ಅದೇ ಜ್ಯಾ ಸುಮಾರು 9.1 ಸೆಂ.ಮೀ., ಕೇಂದ್ರದ ಪಕ್ಕದಲ್ಲಿ ಹೋಗುವುದು ಸ್ಪಷ್ಟವಾಗಿ ಕಾಣುತ್ತದೆ. A = 60° ಕೂಡ ಬೇಡ. ಆಗ MB ತ್ರಿಜ್ಯಕ್ಕೆ ಸಮವಾಗಿ, ನಿಜವಲ್ಲದ ಇನ್ನೊಂದು ನಿಯಮ ಮಕ್ಕಳಿಗೆ ಹೊಳೆಯುತ್ತದೆ.

ಸುಳಿವಿನ ಬಗ್ಗೆ ಒಂದು ಮಾತು, ಆಮೇಲೆ ಲೆಕ್ಕಕ್ಕೆ ಹೋಗೋಣ. ಮೊದಲ ಸುಳಿವು ಎಲ್ಲಿ ನೋಡಬೇಕು ಅಂತ ಮಾತ್ರ ಹೇಳಬೇಕು. ಎರಡನೆಯದು ಯಾವ ಪ್ರಮೇಯ ಅಂತ. ಮೂರನೆಯದು ಒಂದು ಹೆಜ್ಜೆ ಹೇಳಿ ಒಂದು ಹೆಜ್ಜೆ ಉಳಿಸಬೇಕು. ಸುಳಿವು ಓದಿದ ಮೇಲೆ ಮಗುವಿಗೆ ಬರೀ ಕೂಡುವುದು ಕಳೆಯುವುದು ಉಳಿದಿದ್ದರೆ ಅದು ಸುಳಿವಲ್ಲ, ಉತ್ತರ. ಚೀಟಿಗಳಲ್ಲಿ ಬೇರೆ ಬೇರೆ ಬರೆದು ಮಡಚಿ ಮೇಜಿನ ಮೇಲೆ ಇಡಿ. ಮುಂದಿನ ಚೀಟಿ ಬೇಕೆಂದರೆ ಅಲ್ಲಿಯವರೆಗೆ ಗೊತ್ತಾದ ಒಂದು ಸಂಗತಿಯನ್ನು, ಕಾರಣದ ಸಮೇತ, ತೋರಿಸಬೇಕು. "ಗೊತ್ತಾಗಲಿಲ್ಲ" ಅಂದರೆ ಚೀಟಿ ಇಲ್ಲ, ಆದರೆ "∠IBC = 40°, ಯಾಕಂದರೆ BI ಕೋನಾರ್ಧಕ" ಅಂದರೆ ಸಾಕು, ಕೊಡಿ.

ಲೆಕ್ಕ 1. A, B, C ಕೋನಗಳ ಅರ್ಧಕಗಳು I ಎಂಬಲ್ಲಿ ಸೇರುತ್ತವೆ. ∠BIC ಎಷ್ಟು? B, C ಗೊತ್ತಿಲ್ಲ, A ಮಾತ್ರ ಗೊತ್ತು ಅಂದರೆ ಹೇಳಬಹುದಾ?

ನಮ್ಮ ತ್ರಿಭುಜದಲ್ಲಿ 180 − 40 − 15 = 125°. ಇದನ್ನು ಎಲ್ಲರೂ ಮಾಡುತ್ತಾರೆ. ಎರಡನೇ ಭಾಗದಲ್ಲಿ ಕೆಲವರು ನಿಲ್ಲುತ್ತಾರೆ. ಒಂದೇ ಸುಳಿವು ಸಾಕು: "B ಮತ್ತು C ಬೇರೆ ಬೇರೆ ಬೇಕಾ, ಅಥವಾ ಅವುಗಳ ಮೊತ್ತ ಸಾಕಾ?" ಉತ್ತರ ∠BIC = 90° + A/2. ಇದನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಅಳಿಸದೆ ಬಿಡಿ, ಐದನೇ ಲೆಕ್ಕದಲ್ಲಿ ಬೇಕಾಗುತ್ತದೆ.

ಲೆಕ್ಕ 2. B ಇಂದ CA ಗೆ ಲಂಬ BE, C ಇಂದ AB ಗೆ ಲಂಬ CF. B, C, E, F ನಾಲ್ಕೂ ಒಂದೇ ವೃತ್ತದ ಮೇಲಿವೆ ಎಂದು ಸಾಧಿಸಿ. ∠AEF ಕಂಡುಹಿಡಿಯಿರಿ.

ಇಲ್ಲಿ ಹೊಸ ವಿಷಯ ಒಂದಿದೆ. ಪಾಠದಲ್ಲಿ ವೃತ್ತ ಮೊದಲು ಇರುತ್ತದೆ, ಕೋನಗಳು ಆಮೇಲೆ ಸಮವಾಗುತ್ತವೆ. ಇಲ್ಲಿ ವೃತ್ತವೇ ಕಾಣುವುದಿಲ್ಲ, ಕೋನಗಳು ಸಮ ಇರುವುದರಿಂದ ವೃತ್ತ ಇದೆ ಅಂತ ನಾವು ಹೇಳಬೇಕು. ಕ್ಲಬ್ಬಿನ ಮಕ್ಕಳಿಗೆ ಬೇಕಾಗಿರುವ ಮೊದಲ ದೊಡ್ಡ ಅಭ್ಯಾಸ ಇದು.

ಮೊದಲ ಸುಳಿವು: "BC ಗೆರೆಯನ್ನು E ಯಿಂದ ನೋಡಿದರೆ ಎಷ್ಟು ಕೋನ ಕಾಣುತ್ತದೆ? F ಇಂದ?" ಎರಡನೆಯದು: "ಎರಡೂ ಸಮ, ಎರಡೂ BC ಯ ಒಂದೇ ಕಡೆ. ಅಂದರೆ?" ಎರಡೂ 90°, ಹಾಗಾಗಿ BC ಯೇ ಆ ವೃತ್ತದ ವ್ಯಾಸ. ಮೂರನೆಯದು ∠AEF ಗೆ: "BFEC ಚಕ್ರೀಯ ಚತುರ್ಭುಜ. E ಹತ್ತಿರದ ಬಾಹ್ಯ ಕೋನ ನೋಡಿ."

ಉತ್ತರ ∠AEF = B = 80°. ಇಲ್ಲಿ ನಿಮಗೆ ಖಂಡಿತ ಸಿಗುವ ತಪ್ಪು ಉತ್ತರ 30°. ಹಾಗೆ ಬರೆದ ಮಗು EF, BC ಎರಡೂ ಸಮಾಂತರ ಅಂದುಕೊಂಡಿದೆ. ಸಮದ್ವಿಬಾಹು ಚಿತ್ರ ಬರೆದಿದ್ದರೆ ಅದು ನಿಜವಾಗಿಯೂ ಸಮಾಂತರವೇ ಇರುತ್ತಿತ್ತು, ಉತ್ತರವೂ ಸರಿಯಾಗಿಬಿಡುತ್ತಿತ್ತು, ತಪ್ಪು ಎಲ್ಲಿದೆ ಅಂತ ನಿಮಗೂ ಗೊತ್ತಾಗುತ್ತಿರಲಿಲ್ಲ. ನಮ್ಮ ಚಿತ್ರದಲ್ಲಿ EF ಎಷ್ಟು ಓರೆಯಾಗಿದೆ ಅಂದರೆ ನೋಡಿದ ತಕ್ಷಣ ಮಗುವೇ ತಿದ್ದಿಕೊಳ್ಳುತ್ತದೆ.

ಲೆಕ್ಕ 3. AI ಅನ್ನು ಮುಂದುವರಿಸಿದರೆ ಪರಿವೃತ್ತವನ್ನು M ನಲ್ಲಿ ಮುಟ್ಟುತ್ತದೆ. MB = MC = MI ಎಂದು ಸಾಧಿಸಿ.

ಇಡೀ ಸೆಟ್ಟಿನ ಹೃದಯ ಇದೇ. ಒಂದು ಶನಿವಾರ ಪೂರ್ತಿ ಇದಕ್ಕೇ ಹೋದರೂ ಪರವಾಗಿಲ್ಲ.

ಸಾಧನೆಗೆ ಮೊದಲು ಅಳೆಸಿ. ನಮ್ಮ ಚಿತ್ರದಲ್ಲಿ MB, MC, MI ಮೂರೂ ಸುಮಾರು 5.7 ಸೆಂ.ಮೀ. ಬರಬೇಕು, AI ಸುಮಾರು 3.3. ಆಮೇಲೆ M ಮೇಲೆ ಕೈವಾರದ ಮುಳ್ಳಿಟ್ಟು B ವರೆಗೆ ತೆರೆದು ಒಂದು ಸುತ್ತು ಎಳೆಯಲಿ. ಆ ವೃತ್ತ C ಮೇಲೆ ಹೋಗುತ್ತದೆ, I ಮೇಲೂ ಹೋಗುತ್ತದೆ. ಮಕ್ಕಳು ಮುಖ ಎತ್ತಿ "ಯಾಕೆ ಮೇಡಂ?" ಅಂತ ಕೇಳುವ ಜಾಗ ಇದು. ಅಳತೆ ಸಾಧನೆಯಲ್ಲ ಅನ್ನುವುದನ್ನೂ ಇಲ್ಲೇ ಹೇಳಿ. ಅಳತೆಯಿಂದ ಏನನ್ನು ಸಾಧಿಸಬೇಕು ಅಂತ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ.

ಸುಳಿವು ಒಂದು: "ಸದ್ಯಕ್ಕೆ I ಮರೆತುಬಿಡಿ. ∠BAM, ∠CAM ಸಮ. ಈ ಎರಡು ಕೋನಗಳ ಎದುರಿಗೆ ಇರುವ ಜ್ಯಾಗಳು ಯಾವುವು?" ಇದರಿಂದ MB = MC ಬಂದುಬಿಡುತ್ತದೆ. ಅರ್ಧ ಕೆಲಸ ಮುಗಿಯಿತು.

ಸುಳಿವು ಎರಡು: "MB = MI ಆಗಬೇಕಾದರೆ ತ್ರಿಭುಜ MBI ನಲ್ಲಿ ಯಾವ ಎರಡು ಕೋನ ಸಮ ಆಗಬೇಕು?" ಈ ಸುಳಿವು ನೋಡಲು ಚಿಕ್ಕದು, ಆದರೆ ಇದರ ಮೇಲೆ ಜಾಸ್ತಿ ಹೊತ್ತು ನಿಲ್ಲಿ. ಬಾಹು ಸಮ ಅಂತ ತೋರಿಸಲು ಕೋನ ಸಮ ಅಂತ ತೋರಿಸುವುದು, ಅಂದರೆ ಪ್ರಶ್ನೆಯನ್ನೇ ಬೇರೆ ಪ್ರಶ್ನೆ ಮಾಡಿಕೊಳ್ಳುವುದು, ಮಕ್ಕಳಿಗೆ ತಾನಾಗೇ ಹೊಳೆಯುವುದಿಲ್ಲ. ತುಂಬ ಮಕ್ಕಳು ಇಲ್ಲಿ ∠BMI ಯನ್ನು ಹಿಡಿದುಕೊಂಡು ಕೂರುತ್ತಾರೆ. ಅದು ಬೇಕಿಲ್ಲ. ಸಮ ಬಾಹುಗಳ ಎದುರು ಇರುವ ಕೋನಗಳು ∠MBI ಮತ್ತು ∠MIB, ಅವನ್ನು ಬಣ್ಣದ ಪೆನ್ಸಿಲಿನಲ್ಲಿ ಗುರುತು ಮಾಡಿಸಿ.

ಸುಳಿವು ಮೂರು: "∠MIB ಯನ್ನು ತ್ರಿಭುಜ ABI ಕಡೆಯಿಂದ ನೋಡಿ. ∠MBI ಯನ್ನು BC ಗೆರೆ ಎರಡು ತುಂಡು ಮಾಡಿದೆ." ಇಲ್ಲಿಂದ ಮುಂದೆ ಮಗುವೇ ಹೋಗಬೇಕು. ∠MIB ತ್ರಿಭುಜ ABI ನ ಬಾಹ್ಯ ಕೋನ, ಆದ್ದರಿಂದ A/2 + B/2. ಇನ್ನು ∠MBI = ∠MBC + ∠CBI. ಇದರಲ್ಲಿ ∠MBC ಮತ್ತು ∠MAC ಎರಡೂ ಒಂದೇ ವೃತ್ತಖಂಡದ ಕೋನಗಳು, ಹಾಗಾಗಿ ∠MBC = A/2. ∠CBI = B/2. ಎರಡೂ ಒಂದೇ. ನಮ್ಮ ಚಿತ್ರದಲ್ಲಿ 35 + 40 = 75°, ಎರಡು ಕಡೆಯೂ.

ತಾಳೆ ನೋಡುವುದಕ್ಕೆ ಒಂದು ದಾರಿಯಿದೆ. ತ್ರಿಭುಜ MBI ನ ಮೂರನೇ ಕೋನ 180 − 75 − 75 = 30°. ಅದೇ ∠BMA, ಅದು AB ಜ್ಯಾದ ಮೇಲಿನ ಕೋನ, ಅಂದರೆ C ಕೋನಕ್ಕೆ ಸಮ ಇರಬೇಕು. C = 30°. ಸರಿಹೋಯಿತು. ಹೀಗೆ ಬೇರೆ ದಾರಿಯಿಂದ ತಾಳೆ ನೋಡುವ ರೂಢಿ ಬಂದ ಮಗು ಕೋನ ಕೂಡುವುದರಲ್ಲಿ ತಪ್ಪಿದರೂ ತಾನೇ ಹಿಡಿಯುತ್ತದೆ.

ಪೇಪರ್ ನೋಡುವಾಗ ಒಂದು ತಪ್ಪು ಹುಡುಕಿ. ಕೆಲವರು "M, BC ಯ ಲಂಬಾರ್ಧಕದ ಮೇಲಿದೆ, ಆದ್ದರಿಂದ MB = MC" ಅಂತ ಶುರು ಮಾಡುತ್ತಾರೆ. ಮಾತು ನಿಜ, ಆದರೆ ಪ್ರಶ್ನೆಯಲ್ಲಿ M ಬಂದಿದ್ದು ಕೋನಾರ್ಧಕದಿಂದ, ಲಂಬಾರ್ಧಕದಿಂದಲ್ಲ. ಎರಡೂ ಗೆರೆಗಳು ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುತ್ತವೆ ಅನ್ನುವುದೇ ಇಲ್ಲಿ ಸಾಧಿಸಬೇಕಾದ ವಿಷಯ. ಕೊಟ್ಟದ್ದು ಯಾವುದು, ಕಂಡದ್ದು ಯಾವುದು ಅಂತ ಬೇರೆ ಬೇರೆ ಬರೆಸಿದರೆ ಈ ತಪ್ಪು ಬೇಗ ಹೋಗುತ್ತದೆ. ನಮ್ಮ ದೇಶದ ಗಣಿತ ಒಲಿಂಪಿಯಾಡ್‌ನ ಮೊದಲ ಹಂತವಾದ ಐಒಕ್ಯೂಎಂನಲ್ಲಿ ಉತ್ತರದ ಸಂಖ್ಯೆ ಮಾತ್ರ ಗುರುತಿಸುವುದರಿಂದ ಇದು ಹೊರಗೆ ಬರುವುದೇ ಇಲ್ಲ, ಮುಂದಿನ ಹಂತವಾದ ಆರ್‌ಎಂಒದಲ್ಲಿ ಪೂರ್ತಿ ಸಾಧನೆ ಬರೆಯಬೇಕು, ಅಲ್ಲಿ ಅಂಕ ಹೋಗುತ್ತದೆ.

ಲೆಕ್ಕ 4. BI ಮುಂದುವರಿದು ಪರಿವೃತ್ತವನ್ನು N ನಲ್ಲಿ, CI ಮುಂದುವರಿದು K ನಲ್ಲಿ ಮುಟ್ಟುತ್ತವೆ. AM ಮತ್ತು NK ಲಂಬವಾಗಿವೆ ಎಂದು ಸಾಧಿಸಿ. ಹಾಗಾದರೆ ತ್ರಿಭುಜ MNK ಗೆ I ಏನಾಗುತ್ತದೆ?

ಹೊಸ ಪ್ರಮೇಯ ಯಾವುದೂ ಬೇಡ. ಮೂರನೇ ಲೆಕ್ಕವನ್ನು ಬೇರೆ ಮೂಲೆಯಿಂದ ಓದಬೇಕು ಅಷ್ಟೇ. ಸುಳಿವು ಒಂದು: "ಲೆಕ್ಕ 3ರಲ್ಲಿ A ಬದಲು B ಇಟ್ಟರೆ N ಬಗ್ಗೆ ಏನು ಹೇಳುತ್ತದೆ? ಪೂರ್ತಿ ಬರೆಯಿರಿ." NA = NC = NI. K ಗೂ ಹಾಗೇ, KA = KB = KI. ಸುಳಿವು ಎರಡು: "ಈ ಎರಡು ಸಾಲುಗಳಲ್ಲಿ A ಮತ್ತು I ಎರಡೂ ಬರುವ ಭಾಗಕ್ಕೆ ಗೆರೆ ಹಾಕಿ." ಆಗ NA = NI, KA = KI ಎದ್ದು ಕಾಣುತ್ತದೆ. N, K ಎರಡೂ A ಮತ್ತು I ಗೆ ಸಮದೂರ, ಅಂದಮೇಲೆ NK ಗೆರೆ AI ಯ ಲಂಬಾರ್ಧಕ. ಇದೇ ರೀತಿ ಮಿಕ್ಕ ಎರಡೂ. ಹಾಗಾಗಿ I ಎಂಬುದು ತ್ರಿಭುಜ MNK ಯ ಲಂಬಕೇಂದ್ರ. ಒಂದು ತ್ರಿಭುಜದ ಅಂತಃಕೇಂದ್ರ ಇನ್ನೊಂದರ ಲಂಬಕೇಂದ್ರ, ನನಗೆ ಈ ಲೆಕ್ಕದಲ್ಲಿ ಬಹಳ ಇಷ್ಟವಾಗುವುದು ಇದೇ. ಕೆಲವು ಮಕ್ಕಳು ಬರೀ ಕೋನ ಕೂಡಿ A/2 + B/2 + C/2 = 90° ಅಂತ ಮಾಡುತ್ತಾರೆ. ಅದೂ ಸರಿ, ಪೂರ್ತಿ ಅಂಕ ಕೊಡಿ.

ಲೆಕ್ಕ 5. ತ್ರಿಭುಜ ABC ಯ ಒಳಗೆ P ಎಂಬ ಬಿಂದು. ∠PBA + ∠PCA = ∠PBC + ∠PCB. ಹಾಗಾದರೆ AP ≥ AI ಎಂದೂ, P ಯು I ಆಗಿದ್ದಾಗ ಮಾತ್ರ ಅವು ಸಮ ಎಂದೂ ಸಾಧಿಸಿ.

ಪ್ರಶ್ನೆ ಓದಿದ ತಕ್ಷಣ ಮಕ್ಕಳು ಹೆದರುವುದು ≥ ಚಿಹ್ನೆ ನೋಡಿ. ಆ ಭಾಗವನ್ನು ಕೈಯಿಂದ ಮುಚ್ಚಿಸಿ. ಮೊದಲು ಇಂಥ P ಎಲ್ಲೆಲ್ಲಿ ಸಿಗುತ್ತದೆ ಅಂತ ನೋಡಲಿ.

ಸುಳಿವು ಒಂದು: "ನಾಲ್ಕೂ ಕೋನ ಕೂಡಿದರೆ ಎಷ್ಟು? ಎರಡು ಕಡೆ ಸಮ ಅಂದರೆ ಒಂದೊಂದು ಕಡೆ ಎಷ್ಟು?" ನಾಲ್ಕರ ಮೊತ್ತ B + C, ನಮ್ಮಲ್ಲಿ 110°. ಹಾಗಾಗಿ ∠PBC + ∠PCB = 55°. ಈಗ ಹಳೆಯ ಚಿತ್ರದ ಮೇಲೇ ಕೋನಮಾಪಕದಿಂದ P ಗಳನ್ನು ಗುರುತಿಸಲಿ: B ಹತ್ತಿರ 30°, C ಹತ್ತಿರ 25°. ಆಮೇಲೆ 35° ಮತ್ತು 20°. ಆಮೇಲೆ 45° ಮತ್ತು 10°. ಮಧ್ಯೆ 40° ಮತ್ತು 15° ತೆಗೆದುಕೊಂಡರೆ ಅದೇ I. ನಾಲ್ಕು ಮಕ್ಕಳಿಗೆ ಒಂದೊಂದು ಹಂಚಿ, ಒಂದೇ ಹಾಳೆಯ ಮೇಲೆ ಗುರುತು ಮಾಡಿಸಿ. ಬಿಂದುಗಳು ಬಾಗಿದ ಸಾಲಿನಲ್ಲಿ ಕೂರುತ್ತವೆ, ಮತ್ತು ಲೆಕ್ಕ 3ರಲ್ಲಿ M ಇಂದ ಎಳೆದ ವೃತ್ತ ಇನ್ನೂ ಹಾಳೆಯ ಮೇಲಿದ್ದರೆ ಎಲ್ಲವೂ ಅದರ ಮೇಲೇ ಬೀಳುತ್ತವೆ. ಆ ವೃತ್ತವನ್ನು ಅಳಿಸಬೇಡಿ ಅಂತ ಮೊದಲೇ ಹೇಳಿರಿ.

ಸುಳಿವು ಎರಡು: "∠BPC ಎಷ್ಟು? ಈ ಸಂಖ್ಯೆಯನ್ನು ಮೊದಲು ಎಲ್ಲಿ ನೋಡಿದಿರಿ?" 125°, ಬೋರ್ಡಿನ ಮೂಲೆಯಲ್ಲಿ ಇದೆ. ಸುಳಿವು ಮೂರು: "P, I ಎರಡರಿಂದಲೂ BC ಒಂದೇ ಕೋನದಲ್ಲಿ ಕಾಣುತ್ತದೆ, ಎರಡೂ BC ಯ ಒಂದೇ ಕಡೆ. ಲೆಕ್ಕ 2 ನೆನಪಿಸಿಕೊಳ್ಳಿ. ಆ ವೃತ್ತದ ಕೇಂದ್ರ ಯಾವುದು?" B, C, I ಮೂರೂ M ಇಂದ ಸಮದೂರ, ಆದ್ದರಿಂದ ಆ ವೃತ್ತದ ಕೇಂದ್ರ M. ಹಾಗಾಗಿ MP = MI.

ಈಗ ಕೈ ತೆಗೆದು ≥ ನೋಡಲಿ. ಸುಳಿವು ನಾಲ್ಕು, ಕೊನೆಯದು: "A, P, M ಮೂರನ್ನೂ ಸೇರಿಸಿ." ಇಷ್ಟೇ ಹೇಳಿ, "ತ್ರಿಭುಜ" ಅನ್ನುವ ಪದ ಕೂಡ ಬೇಡ. ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ದೊಡ್ಡದು ಅನ್ನುವ ಸಾಮಾನ್ಯ ನಿಯಮ ಇಲ್ಲಿ ಬರುತ್ತದೆ ಅಂತ ಮಗು ತಾನೇ ಕಾಣಬೇಕು.

AP + PM ≥ AM = AI + IM

PM = IM, ಎರಡೂ ಕಡೆ ಕಳೆದರೆ AP ≥ AI. ಮುಗಿಯಿತು.

ಮುಗಿಯಿತು ಅಂದರೆ ಪೂರ್ತಿ ಮುಗಿದಿಲ್ಲ, ಬರೆಯುವಾಗ ಎರಡು ಸಾಲು ಬಿಟ್ಟುಹೋಗುತ್ತವೆ. ಒಂದು, "P ಮತ್ತು I ಎರಡೂ ತ್ರಿಭುಜದ ಒಳಗಿವೆ, ಆದ್ದರಿಂದ BC ಯ ಒಂದೇ ಕಡೆ ಇವೆ." ಇದು ಇಲ್ಲದೆ ಒಂದೇ ವೃತ್ತ ಅಂತ ಹೇಳುವ ಹಾಗಿಲ್ಲ, ಯಾಕಂದರೆ BC ಯ ಇನ್ನೊಂದು ಕಡೆಯಲ್ಲೂ 125° ಕಾಣುವ ಬಿಂದುಗಳಿವೆ, ಅವು ಬೇರೆ ವೃತ್ತದ ಮೇಲಿವೆ. ಎರಡು, "ಮಾತ್ರ" ಅನ್ನುವ ಪದ. P = I ಆದರೆ AP = AI ಅಂತ ಬರೆದು ನಿಲ್ಲಿಸುತ್ತಾರೆ. ತಿರುಗಿಸಿಯೂ ಹೇಳಬೇಕು: AP = AI ಆದರೆ AP + PM = AM, ಅಂದರೆ P ಬಿಂದು AM ಗೆರೆಯ ಮೇಲೇ, A ಮತ್ತು M ನಡುವೆ ಇದೆ, M ಇಂದ ಅದರ ದೂರ MI ನಷ್ಟೇ, ಅಂಥ ಬಿಂದು I ಒಂದೇ.

ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಐದನೆಯದನ್ನು ಬಿಡಿಸಿದ ಮೇಲೆ ಜಿಯೋಜೀಬ್ರಾದಲ್ಲಿ A ಅನ್ನು ವೃತ್ತದ ಮೇಲೆ ಎಳೆದು ತೋರಿಸಿ. B, C ಕದಲದಿದ್ದರೆ, A ಎದುರಿನ ಕಂಸಕ್ಕೆ ದಾಟದಿರುವವರೆಗೆ, M ಕೂಡ ಕದಲುವುದಿಲ್ಲ, I ಮಾತ್ರ ಆ ವೃತ್ತದ ಕಂಸದ ಮೇಲೆ ಓಡಾಡುತ್ತದೆ. ಆದರೆ ಮೊದಲ ಚಿತ್ರ ಮಾತ್ರ ಕೈವಾರದಲ್ಲೇ ಆಗಲಿ.

ಬೇಗ ಮುಗಿಸಿ ಕೂರುವ ಆ ಒಬ್ಬಿಬ್ಬರಿಗೆ, ಸುಳಿವಿಲ್ಲದೆ, ಇದನ್ನು ಕೊಡಿ: AM ಅನ್ನು M ನಿಂದಾಚೆಗೆ MI ನಷ್ಟೇ ಮುಂದುವರಿಸಿ J ಗುರುತಿಸಿ. BJ ಗೆರೆ B ಹತ್ತಿರದ ಬಾಹ್ಯ ಕೋನವನ್ನು ಸರಿಯಾಗಿ ಅರ್ಧ ಮಾಡುತ್ತದೆ ಎಂದು ಸಾಧಿಸಿ. ನಿಮಗೆ ಮಾತ್ರ ಹೇಳುತ್ತೇನೆ: IJ ಆ ವೃತ್ತದ ವ್ಯಾಸ, ಆದ್ದರಿಂದ ∠IBJ = 90°.